ಡಿಫೆನ್ಸಿನ ಮೊದಲ ಮೂರು ನಿಮಿಷ: ಒಂದು ಸುರಂಗದ ಥೀಸಿಸ್

ಇದು ಕಾಸರಗೋಡಿನ ಕಡೆಯ ಒಬ್ಬಳು ಸ್ಕಾಲರಿನ ಪಿಎಚ್‌ಡಿ ವೈವಾದ್ದು, ಅದ್ರಲ್ಲೂ ವೈವಾ ಶುರುವಾಗುವಾಗ ಅವಳು ಹೇಳಿದ ಮೊದಲ ಎರಡು ಮೂರು ನಿಮಿಷದ ಮಾತಿನದ್ದು ಮಾತ್ರ. ನಾನು ಅವಳ ಗೈಡ್ ಅಲ್ಲ, ಇದೇ ಕಡೆ ಕಾಲೇಜಲ್ಲಿ ಪಾಠ ಮಾಡುವವಳು, ಮಾಕ್ ವೈವಾಕ್ಕೆ ಕೂತಿದ್ದೆ, ನಿಜವಾದ ವೈವಾಕ್ಕೂ ಹೋಗಿದ್ದೆ. ಅವಳ ಒಪ್ಪಿಗೆ ತಕೊಂಡೇ ಬರೀತಾ ಇದ್ದೇನೆ. ಹೆಸರು, ಊರು ಹಾಕ್ಲಿಲ್ಲ, ಲೆಕ್ಕಗಳನ್ನೂ ವಿಷಯ ಅರ್ಥ ಆಗುವ ಹಾಗೆ ಇಟ್ಕೊಂಡು ಬದಲಾಯಿಸಿದ್ದೇನೆ, ಹಾಗಾಗಿ ಸುರಂಗದ ಅಂಕಿಅಂಶ ಅಂತ ಇದನ್ನು ಎತ್ಕೊಂಡು ಹೋಗಿ ನಿಮ್ಮ ಪೇಪರಿಗೆ ಹಾಕ್ಬೇಡಿ ಮಾರಾಯ್ರೆ.

ಸುರಂಗ ಅಂದ್ರೆ ರೈಲಿನದ್ದಲ್ಲ. ಮಂಜೇಶ್ವರ ತಾಲೂಕಿನ ಗುಡ್ಡದ ಊರುಗಳಲ್ಲಿ, ಗಡಿ ದಾಟಿ ದಕ್ಷಿಣ ಕನ್ನಡದ ಕಡೆ ಕೂಡ, ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ಒಳಗೆ ಹೋಗಿರ್ತಾರಲ್ಲ, ಒಬ್ಬ ಮನುಷ್ಯ ಹೋಗಿ ಬರುವಷ್ಟೇ ಅಗಲ, ಆ ನೀರಿನ ಸುರಂಗ. ಪಂಪು ಬೇಡ, ಕರೆಂಟ್ ಬೇಡ, ಒಳಗೆ ಜಿನುಗಿದ ನೀರು ತಾನಾಗಿ ಹೊರಗೆ ಹರಿದು ಕೆರೆಗೆ ಬೀಳ್ತದೆ, ಅಲ್ಲಿಂದ ಮನೆಗೆ, ಅಡಿಕೆ ತೋಟಕ್ಕೆ. ಆದ್ರೆ ಅದಕ್ಕೆ ಆರೈಕೆ ಬೇಕು. ಮಣ್ಣು ಕುಸೀತದೆ, ಬೇರು ಇಳೀತದೆ, ಯಾರಾದ್ರೂ ಒಳಗೆ ಹೋಗಿ ಕೆಸರು ತೆಗೀತಾ ಇರ್ಬೇಕು. ಕೆಸರು ತೆಗೆಯುದನ್ನು ನಿಲ್ಲಿಸಿದ್ರೆ ಕೆಲವು ವರ್ಷದಲ್ಲಿ ಬಾಯಿ ಮುಚ್ಚಿ ಹೋಗ್ತದೆ.

ಥೀಸಿಸ್ ಕನ್ನಡದಲ್ಲಿ ಬರೆದದ್ದು, ಸಂಸ್ಕೃತಿ ಅಧ್ಯಯನದ್ದು, ಐದು ಅಧ್ಯಾಯ. ಸುರಂಗ ತೋಡುವವರ ಬಗ್ಗೆ ಒಂದು, ನೀರು ಹಂಚಿಕೊಳ್ಳುವ ಕ್ರಮದ ಬಗ್ಗೆ ಒಂದು, ಬಿಟ್ಟುಹೋದ ಸುರಂಗಗಳ ಬಗ್ಗೆ ಕೊನೇದು. ಎಕ್ಸಾಮಿನರ್‌ಗಳ ಎರಡು ರಿಪೋರ್ಟೂ ಪಾಸ್ ಅಂತಲೇ ಬಂದಿತ್ತು. ಆದ್ರೆ ಒಬ್ಬರು ಬರೆದಿದ್ರು, ದಾಖಲೀಕರಣ ಚೆನ್ನಾಗಿದೆ, ಅಭ್ಯರ್ಥಿಯ ವಾದ ಏನು ಅಂತ ಸ್ಪಷ್ಟ ಇಲ್ಲ ಅಂತ. ಇನ್ನೊಬ್ಬರು, ಬೋರ್‌ವೆಲ್‌ನಿಂದ ಸುರಂಗ ಹಾಳಾಯ್ತು ಅನ್ನುದಕ್ಕೆ ಜಲವಿಜ್ಞಾನದ ಪುರಾವೆ ಇಲ್ಲ ಅಂತ. ಈ ಎರಡು ವಾಕ್ಯ ನೆನಪಿಟ್ಕೊಳ್ಳಿ, ಮುಂದೆ ಬೇಕು. ರಿಪೋರ್ಟಿನ ಟೀಕೆಗಳನ್ನು ಆಧರಿಸಿ ವೈವಾ ನಡೀಬೇಕು ಅಂತ ಯುಜಿಸಿಯ 2016ರ ನಿಯಮದಲ್ಲೇ ಇತ್ತು, ಆದ್ರೂ ನಮ್ಮ ಸ್ಕಾಲರ್‌ಗಳು ರಿಪೋರ್ಟಿಗೆ ಉತ್ತರ ಬೇರೆ ಫೈಲಲ್ಲಿ ಬರೆದಿಟ್ಟು, ಓಪನಿಂಗನ್ನು ಮಾತ್ರ ರಿಪೋರ್ಟ್ ಬರುವ ಮೊದಲೇ ಮಾಡಿಟ್ಟ ಸ್ಲೈಡಿಂದ ಓದ್ತಾರೆ. ಇವಳದ್ದೂ ಹಾಗೇ ಇತ್ತು.

ಮಾಕ್ ವೈವಾದಲ್ಲಿ ಅವಳು ಓದಿದ್ದು ಹೀಗೆ: "ಸುರಂಗಗಳು ಕಾಸರಗೋಡಿನ ವಿಶಿಷ್ಟ ಪಾರಂಪರಿಕ ಜಲವ್ಯವಸ್ಥೆ. ಈ ಬಗ್ಗೆ ಸಮಗ್ರವಾದ ಸಾಂಸ್ಕೃತಿಕ ಅಧ್ಯಯನ ಇದುವರೆಗೆ ನಡೆದಿಲ್ಲ. ಆ ಕೊರತೆಯನ್ನು ತುಂಬುವ ಪ್ರಥಮ ಪ್ರಯತ್ನ ಇದು. ಇದಕ್ಕಾಗಿ ಮೂರು ಊರುಗಳಲ್ಲಿ 62 ಸುರಂಗಗಳನ್ನು ಕ್ಷೇತ್ರಕಾರ್ಯದ ಮೂಲಕ ದಾಖಲಿಸಲಾಗಿದೆ. ಮೊದಲನೆಯ ಅಧ್ಯಾಯದಲ್ಲಿ..." ಅಂತ ಐದು ಅಧ್ಯಾಯದ ಹೆಸರೂ ಹೇಳಿದ್ಳು. ಒಳ್ಳೆ ಸ್ವರ, ಒಳ್ಳೆ ಫೋಟೋ. ಕೇಳಿದವರಿಗೆ ಏನೂ ತೊಂದ್ರೆ ಕಾಣ್ಲಿಕ್ಕಿಲ್ಲ.

ತೊಂದ್ರೆ ಇರುದು ಇದ್ರಲ್ಲಿ ಕಾಂಟ್ರಿಬ್ಯೂಷನ್ ಅಂತ ಒಂದು ವಾಕ್ಯವೂ ಇಲ್ಲ ಅನ್ನುದು. ವಿಷಯ ಏನು ಅಂತ ಉಂಟು, ಎಷ್ಟು ಕೆಲಸ ಮಾಡಿದ್ದೇನೆ ಅಂತ ಉಂಟು, ಹಿಂದೆ ಯಾರೂ ಮಾಡ್ಲಿಲ್ಲ ಅಂತ ಉಂಟು. ಇವು ಮೂರೂ ಸೇರಿದ್ರೂ "ಹಾಗಾದ್ರೆ ನಮಗೆ ಮೊದ್ಲು ಗೊತ್ತಿಲ್ಲದ್ದು ಈಗ ಏನು ಗೊತ್ತಾಯ್ತು" ಅನ್ನುದಕ್ಕೆ ಉತ್ತರ ಆಗುದಿಲ್ಲ. ಯಾರೂ ಮಾಡ್ಲಿಲ್ಲ ಅನ್ನುದು ಜಾಗ ಖಾಲಿ ಉಂಟು ಅಂತ ಹೇಳ್ತದೆ ಅಷ್ಟೆ, ಅಲ್ಲಿ ನೀವು ಏನು ಇಟ್ರಿ ಅಂತ ಹೇಳುದಿಲ್ಲ. ಮತ್ತೆ "ಪ್ರಥಮ" ಅನ್ನುದು ಸುಮ್ಮನೆ ಅಪಾಯ. ಸುರಂಗದ ಬಗ್ಗೆ ಪತ್ರಿಕೆಯವರು ಬರೆದಿದ್ದಾರೆ, ಭೂಗೋಳದವರು ಬರೆದಿದ್ದಾರೆ, ಹೊರದೇಶದವರು ಬಂದು ನೋಡಿ ಹೋಗಿದ್ದಾರೆ, ಓಪನ್ ವೈವಾ ಆದ ಕಾರಣ ಹಿಂದಿನ ಬೆಂಚಿನಿಂದ ಯಾರಾದ್ರೂ ಒಂದು ಲೇಖನದ ಹೆಸರು ಹೇಳಿದ್ರೆ ಅಲ್ಲಿಗೆ ಮುಗೀತು, ಉಳಿದ ಒಂದು ಗಂಟೆ ಆ ಒಂದು ಶಬ್ದವನ್ನೇ ಡಿಫೆಂಡ್ ಮಾಡಿಕೊಂಡು ಕೂರ್ಬೇಕು. "ಪ್ರಥಮ" ಬೇಕೇ ಬೇಕು ಅಂತ ಹಟ ಹಿಡಿದದ್ದು ಅವಳ ಗೈಡ್, ಅದನ್ನು ತೆಗೆಸ್ಲಿಕ್ಕೆ ಆದ ಚರ್ಚೆ ಬೇರೆಯೇ ಒಂದು ಪುರಾಣ, ಇಲ್ಲಿ ಬೇಡ.

ಕಾಂಟ್ರಿಬ್ಯೂಷನ್ ಏನು ಅಂತ ನೇರ ಕೇಳಿದ್ರೆ ಯಾವ ಸ್ಕಾಲರಿಗೂ ಬಾಯಿ ಕಟ್ತದೆ. ಕೇಳ್ಳೇಬಾರದು. ನಾನು ಹೇಳಿದೆ, ನಿನ್ನ ಎರಡನೇ ಅಧ್ಯಾಯ ತೆಗಿ, ಅಂದ್ರೆ ಹಿಂದಿನವರು ಏನು ಹೇಳಿದ್ದಾರೆ ಅನ್ನುವ ಅಧ್ಯಾಯ, ಅದ್ರಲ್ಲಿ ಬೇರೆಬೇರೆಯವರು ಪದೇಪದೇ ಹೇಳಿದ ಮಾತುಗಳನ್ನು ಒಂದು ಕಾಗದದ ಎಡಬದಿಗೆ ಬರಿ. ಬಲಬದಿಗೆ ನಿನ್ನ ಮೂರು, ನಾಲ್ಕು, ಐದನೇ ಅಧ್ಯಾಯದಲ್ಲಿ ಅದೇ ವಿಷಯಕ್ಕೆ ನೀನು ಕಂಡದ್ದು ಬರಿ. ಎರಡೂ ಒಂದೇ ಆಗಿದ್ರೆ ಗೆರೆ ಎಳೆದು ಬಿಡು. ಎಲ್ಲಿ ಎರಡೂ ಹೊಂದುದಿಲ್ಲವೋ ಅಲ್ಲಿ ನಿಲ್ಲು.

ಹೆಚ್ಚಿನ ಸಾಲುಗಳು ಹೊಂದಿದ್ವು. ಸುರಂಗ ತೋಡುವ ಕ್ರಮ, ಹತಾರು, ದಿಕ್ಕು ನೋಡುವ ವಿಧಾನ, ಎಲ್ಲ ಹಿಂದಿನವರು ಹೇಳಿದ್ದೇ, ಇವಳು ಇನ್ನೂ ಚಂದ ಮಾಡಿ ಹೇಳಿದ್ದಾಳೆ ಅಷ್ಟೆ. ಒಂದು ಸಾಲು ಮಾತ್ರ ಹೊಂದ್ಲಿಲ್ಲ. ಎಡಕ್ಕೆ: ಬೋರ್‌ವೆಲ್ ಬಂತು, ಸುರಂಗ ಬಿಟ್ರು. ಬಲಕ್ಕೆ, ಐದನೇ ಅಧ್ಯಾಯದ ಒಂದು ಟೇಬಲಿನಲ್ಲಿ: ಕೆಸರು ತೆಗೆಯುದು ಮೊದಲು ನಿಂತದ್ದು, ಬೋರ್‌ವೆಲ್ ಆಮೇಲೆ ಬಂದದ್ದು. ಟೇಬಲಿನ ಕೆಳಗೆ ಅವಳು ಬರೆದದ್ದು ಎರಡೇ ಸಾಲು, ಅದೂ "ಗಮನಾರ್ಹ" ಅಂತ ಹೇಳಿ ಮುಂದೆ ಹೋಗಿದ್ದಾಳೆ. ಇನ್ನೂ ದೊಡ್ಡದು ಎಂತ ಗೊತ್ತುಂಟಾ, ಅವಳದ್ದೇ ಮೊದಲ ಅಧ್ಯಾಯದಲ್ಲಿ, ಹಿನ್ನೆಲೆ ಹೇಳುವಾಗ, "ಬೋರ್‌ವೆಲ್‌ಗಳ ಆಗಮನದಿಂದ ಸುರಂಗಗಳು ಪಾಳುಬಿದ್ದವು" ಅಂತ ಅವಳೇ ಬರೆದಿಟ್ಟಿದ್ದಾಳೆ! ಎರಡನೇ ಎಕ್ಸಾಮಿನರ್ ಪುರಾವೆ ಕೇಳಿದ್ದು ಈ ವಾಕ್ಯಕ್ಕೆ. ಮೊದಲನೇ ಎಕ್ಸಾಮಿನರಿಗೆ ವಾದ ಕಾಣದೆ ಇದ್ದದ್ದು ಆ ಟೇಬಲಿನ ಕೆಳಗೆ ಎರಡೇ ಸಾಲು ಇದ್ದ ಕಾರಣ. ಎರಡು ರಿಪೋರ್ಟಿನ ಟೀಕೆಗೂ ಬೇರು ಒಂದೇ.

ಅವಳಿಗೆ ಖುಷಿಗಿಂತ ಹೆದರಿಕೆಯೇ ಜಾಸ್ತಿ ಆಯ್ತು. "ಅಕ್ಕ, ಥೀಸಿಸ್ಸಿನ ಒಳಗೇ ವಿರೋಧ ಉಂಟು ಅಂತ ನಾನೇ ಎದುರು ಹೇಳುದಾ?" ಅಂತ. ಹೇಳ್ಬೇಕು, ಅದೂ ಮೊದಲ ನಿಮಿಷದಲ್ಲಿ, ಯಾಕಂದ್ರೆ ಎಕ್ಸಾಮಿನರ್ ಅದನ್ನು ಕಂಡಾಗಿದೆ, ಅವರು ಹೇಳಿದ್ರೆ ಅದು ತಪ್ಪು, ನೀನು ಹೇಳಿದ್ರೆ ಅದು ಸಂಶೋಧನೆ ಎಲ್ಲಿಂದ ಶುರುವಾಗಿ ಎಲ್ಲಿಗೆ ಬಂತು ಅನ್ನುದರ ಲೆಕ್ಕ.

ಆಮೇಲೆ ಅವಳು ಹೊಸ ಓಪನಿಂಗ್ ಬರೆದು ತಂದ್ಳು. ಈಗ ಇನ್ನೊಂದು ಬದಿಗೆ ವಾಲಿತ್ತು: "ಸುರಂಗಗಳ ಅವನತಿಗೆ ಬೋರ್‌ವೆಲ್ ಕಾರಣವಲ್ಲ, ಕುಟುಂಬದ ಆಸ್ತಿ ಪಾಲಾದದ್ದೇ ಕಾರಣ ಎಂಬುದನ್ನು ಈ ಅಧ್ಯಯನ ಸಾಬೀತುಪಡಿಸುತ್ತದೆ." ಕೇಳ್ಲಿಕ್ಕೆ ಭಾರೀ ಗಟ್ಟಿ. ಇದನ್ನು ಒಡೆದು ನೋಡ್ಲಿಕ್ಕೆ ನಮಗೆ ಒಂದು ಮಧ್ಯಾಹ್ನ ಪೂರ್ತಿ ಬೇಕಾಯ್ತು, ಆದ್ರೆ ಇಡೀ ಕೆಲಸದಲ್ಲಿ ಕಲಿಯುವಂಥದ್ದು ಇದ್ದದ್ದು ಇಲ್ಲಿಯೇ.

ಮೊದ್ಲು ಲೆಕ್ಕ. ನೋಡಿದ್ದು 62 ಸುರಂಗ. ಅದ್ರಲ್ಲಿ 38 ಈಗಲೂ ಬಳಕೆಯಲ್ಲಿ ಉಂಟು, 24 ಬಿಟ್ಟದ್ದು. ಈ 24ರಲ್ಲಿ ಕೆಸರು ತೆಗೆಯುದು ನಿಂತ ವರ್ಷವೂ ಬೋರ್‌ವೆಲ್ ಹಾಕಿದ ವರ್ಷವೂ ಎರಡೂ ಸಿಕ್ಕಿದ್ದು 17ಕ್ಕೆ ಮಾತ್ರ. ಬೋರ್‌ವೆಲ್ಲಿನದ್ದು ಕಷ್ಟ ಇಲ್ಲ, ಪಂಪಿಗೆ ಕೆಎಸ್‌ಇಬಿಯಿಂದ ಕನೆಕ್ಷನ್ ತಕೊಂಡ ಕಾಗದ ಹೆಚ್ಚಿನವರ ಮನೆಯಲ್ಲಿ ಉಂಟು. ಕೆಸರಿನದ್ದು ನೆನಪಿನಿಂದ ತೆಗೀಬೇಕು, ವರ್ಷ ಕೇಳಿದ್ರೆ ಯಾರೂ ಹೇಳುದಿಲ್ಲ, ಹಾಗಾಗಿ ಅವಳು ಬೇರೆ ಘಟನೆಗೆ ಕಟ್ಟಿ ಕೇಳಿದ್ದಾಳೆ, ದೊಡ್ಡ ಮಗಳ ಮದುವೆಯ ಮೊದಲಾ ನಂತರವಾ, ಕಾಸರಗೋಡು ಬೇರೆ ಜಿಲ್ಲೆ ಆದದ್ದು 1984ರಲ್ಲಿ, ಅದಕ್ಕೆ ಮೊದಲಾ ನಂತರವಾ ಅಂತ, ಮತ್ತೆ ಪಾಲುಪಟ್ಟಿ ಇದ್ದ ಕಡೆ ಅದ್ರ ತಾರೀಕಿನ ಜೊತೆ ಇಟ್ಟು ನೋಡಿದ್ದಾಳೆ. ಈ 17ರಲ್ಲಿ 12 ಕಡೆ ಕೆಸರು ಮೊದಲು ನಿಂತದ್ದು, 3 ಕಡೆ ಬೋರ್‌ವೆಲ್ ಮೊದಲು, 2 ಕಡೆ ಒಂದೇ ವರ್ಷ. ಹಾಗಾದ್ರೆ ಓಪನಿಂಗಲ್ಲಿ ಹೇಳ್ಬೇಕಾದ್ದು 17ರಲ್ಲಿ 12. ಬರೀ "ಹೆಚ್ಚಿನ ಸುರಂಗಗಳು" ಅಂದ್ರೆ ಕೇಳುವವರ ತಲೆಯಲ್ಲಿ 62 ಕೂತಿರ್ತದೆ, 24ರಲ್ಲಿ ಅಂದ್ರೆ ಗೊತ್ತಿಲ್ಲದ 7ನ್ನು ನುಂಗಿದ ಹಾಗೆ. ಎಷ್ಟರಲ್ಲಿ ಎಷ್ಟು ಅಂತ ತಾನಾಗಿ ಹೇಳಿದ ಅಭ್ಯರ್ಥಿಯ ಹತ್ರ ಎಕ್ಸಾಮಿನರ್ ಸ್ಯಾಂಪಲ್ ಬಗ್ಗೆ ಕೇಳುವ ಧಾಟಿಯೇ ಬೇರೆ ಇರ್ತದೆ, ಇದು ನಾನು ಬೇರೆ ವೈವಾಗಳಲ್ಲೂ ಕಂಡದ್ದು.

ಎರಡನೇದು "ಕಾರಣ". ಯಾವುದು ಮೊದಲು ಯಾವುದು ಆಮೇಲೆ ಅಂತ ಗೊತ್ತಾದ್ರೆ ಒಂದು ಕಡೆಗೆ ತುಂಬ ಬಲ, ಇನ್ನೊಂದು ಕಡೆಗೆ ಬಲವೇ ಇಲ್ಲ. ಬೋರ್‌ವೆಲ್ ಆಮೇಲೆ ಬಂದದ್ದಾದ್ರೆ ಅದು ಮೊದಲು ನಡೆದದ್ದಕ್ಕೆ ಕಾರಣ ಆಗ್ಲಿಕ್ಕೆ ಆಗುದಿಲ್ಲ, ಇದನ್ನು ಧೈರ್ಯವಾಗಿ ಹೇಳ್ಬಹುದು. ಆದ್ರೆ ಪಾಲಾದದ್ದು ಕೆಸರು ನಿಲ್ಲುವ ಮೊದಲೇ ಆಗಿದೆ ಅಂತ ಆದ ಕೂಡ್ಲೆ ಪಾಲೇ ಕಾರಣ ಅಂತ ಹೇಳ್ಲಿಕ್ಕೆ ಬರುದಿಲ್ಲ, ಮೊದಲು ಆದದ್ದು ನೂರು ಉಂಟು. ಮತ್ತೆ "ಕುಟುಂಬದ ಪಾಲು" ಅಂತ ಹೇಳಿದ್ರೂ ಅದು ಪೂರ್ತಿ ಸರಿ ಅಲ್ಲ, ಕೆಲವು ಕಡೆ ಜಾಗ ಒಡೆದದ್ದು ಅಣ್ಣತಮ್ಮಂದಿರ ಪಾಲಿನಿಂದ ಅಲ್ಲ, ಕೇರಳದ ಭೂಸುಧಾರಣೆ 1970ರ ಜನವರಿ 1ಕ್ಕೆ ಜಾರಿಗೆ ಬಂದ ಮೇಲೆ ಗೇಣಿಯವರಿಗೆ ಹಕ್ಕು ಸಿಕ್ಕಿ. ಸುರಂಗದ ಬಾಯಿ ಒಬ್ಬರ ಜಾಗದಲ್ಲಿ, ಕೆರೆ ಇನ್ನೊಬ್ಬರದ್ದರಲ್ಲಿ, ಆಗ ಒಳಗೆ ಹೋಗಿ ಕೆಸರು ತೆಗೀಬೇಕಾದ್ದು ಯಾರು? ಇದು ಒಳ್ಳೆ ಪ್ರಶ್ನೆ, ನಾಲ್ಕನೇ ಅಧ್ಯಾಯದಲ್ಲಿ ಇದಕ್ಕೆ ಉದಾಹರಣೆಗಳೂ ಉಂಟು, ಆದ್ರೆ ಸಾಬೀತು ಅಲ್ಲ. ಹಾಗಾಗಿ ಬೋರ್‌ವೆಲ್ಲಿನ ವಾಕ್ಯಕ್ಕೆ "ಸಾಧ್ಯವಿಲ್ಲ" ಅನ್ನುವ ಗಟ್ಟಿ ಕ್ರಿಯಾಪದ, ಪಾಲಿನ ವಾಕ್ಯಕ್ಕೆ "ಸೂಚಿಸುತ್ತದೆ" ಅಂತ ಇಟ್ಟೆವು. ಒಂದೇ ಓಪನಿಂಗಲ್ಲಿ ಎರಡು ವಾಕ್ಯಕ್ಕೆ ಎರಡು ತೂಕ.

ಮೂರನೇದು ಹಿಂದಿನ ಬೆಂಚಿನ ಒಬ್ಬ ಎಂ.ಎ. ಹುಡುಗ ಕೇಳಿದ್ದು, ಮಾಕ್ ವೈವಾದ ಅತಿ ಒಳ್ಳೆ ಪ್ರಶ್ನೆ ಅದೇ. "ಅವರ ಮನೆ ಬೋರ್‌ವೆಲ್ ಆಮೇಲೆ ಬಂದಿರ್ಬಹುದು ಅಕ್ಕ, ಆಚೆ ಮನೆಯವರದ್ದು ಮೊದಲೇ ಬಂದು ಇವರ ಸುರಂಗದ ನೀರು ಇಳಿದಿದ್ರೆ? ನೀರಿಲ್ಲದ ಸುರಂಗದ ಕೆಸರು ಯಾರು ತೆಗೀತಾರೆ?" ಅವಳ ಹತ್ರ ಉತ್ತರ ಇರ್ಲಿಲ್ಲ. ನೀರಿನ ಹರಿವನ್ನು ಅವಳು ಅಳೆದಿಲ್ಲ, ಅಷ್ಟು ಹಿಂದಿನದ್ದನ್ನು ಈಗ ಅಳೀಲಿಕ್ಕೂ ಆಗುದಿಲ್ಲ. ಇಂಥ ಪ್ರಶ್ನೆ ಬಂದಾಗ ಎರಡು ದಾರಿ, ಒಂದು ಕ್ಲೇಮನ್ನೇ ಬಿಡುದು, ಇನ್ನೊಂದು ಕ್ಲೇಮನ್ನು ಡೇಟಾ ನಿಲ್ಲುವಷ್ಟಕ್ಕೆ ಸಣ್ಣ ಮಾಡುದು. "ಬೋರ್‌ವೆಲ್ ಕಾರಣವಲ್ಲ" ಅನ್ನುದನ್ನು "ಆ ಮನೆಯವರ ಸ್ವಂತ ಬೋರ್‌ವೆಲ್ ಕಾರಣವಾಗಿರಲು ಸಾಧ್ಯವಿಲ್ಲ" ಅಂತ ಮಾಡಿದೆವು. ಇನ್ನೊಬ್ಬರು ಕೇಳಿದ್ರು, ಹೇಗೂ ಬೋರ್ ಹಾಕ್ಲಿಕ್ಕುಂಟು ಅಂತ ಮೊದಲೇ ಕೆಸರು ತೆಗೆಯುದನ್ನು ಬಿಟ್ಟಿದ್ರೆ ಅಂತ. ಅದಕ್ಕೆ ಉತ್ತರ ಟೇಬಲಿನಲ್ಲೇ ಇತ್ತು, 12ರಲ್ಲಿ ಅತಿ ಕಮ್ಮಿ ಅಂತರ ಅಂದ್ರೂ ನಾಲ್ಕು ವರ್ಷ.

ಕೊನೆಗೆ ಅವಳು ವೈವಾದಲ್ಲಿ ಹೇಳಿದ್ದು ಇದು. ಸ್ಲೈಡಲ್ಲಿ ಒಂದೇ ಟೇಬಲ್, ಬೇರೆ ಏನಿಲ್ಲ:

"ಪರೀಕ್ಷಕರಿಗೂ ಸಭೆಗೂ ನಮಸ್ಕಾರ. ಬೋರ್‌ವೆಲ್ ಬಂದ ಕಾರಣ ಸುರಂಗಗಳನ್ನು ಜನ ಬಿಟ್ಟರು ಎಂಬುದು ಈ ವಿಷಯದ ಬರಹಗಳಲ್ಲಿ ಮತ್ತೆ ಮತ್ತೆ ಬರುವ ಮಾತು. ನಾನೂ ಅದನ್ನು ನಂಬಿಯೇ ಕೆಲಸ ಶುರುಮಾಡಿದೆ. ನನ್ನ ಮೊದಲ ಅಧ್ಯಾಯದಲ್ಲಿ ಆ ವಾಕ್ಯ ಹಾಗೆಯೇ ಉಳಿದಿದೆ, ಐದನೆಯ ಅಧ್ಯಾಯದಲ್ಲಿ ನನಗೆ ಕಂಡದ್ದು ಅದಕ್ಕೆ ಹೊಂದುವುದಿಲ್ಲ. ಪರೀಕ್ಷಕರು ಪುರಾವೆ ಕೇಳಿದ್ದು ಆ ವಾಕ್ಯಕ್ಕೆ, ಅದನ್ನು ನಾನು ಹಿಂತೆಗೆದುಕೊಳ್ಳುತ್ತೇನೆ.

ಮೂರು ಊರುಗಳಲ್ಲಿ ನೋಡಿದ 62 ಸುರಂಗಗಳಲ್ಲಿ 24ನ್ನು ಬಿಟ್ಟಿದ್ದಾರೆ. ಇವುಗಳಲ್ಲಿ 17ಕ್ಕೆ ಮಾತ್ರ, ಕೆಸರು ತೆಗೆಯುವುದು ನಿಂತ ಕಾಲವನ್ನೂ ಆ ಮನೆಯವರು ಬೋರ್‌ವೆಲ್ ಹಾಕಿದ ಕಾಲವನ್ನೂ ಹೊಂದಿಸಿ ನೋಡಲು ಸಾಧ್ಯವಾಯಿತು. ಆ 17ರಲ್ಲಿ 12 ಕಡೆ ಕೆಸರು ತೆಗೆಯುವುದು ಮೊದಲು ನಿಂತಿದೆ, ಬೋರ್‌ವೆಲ್ ಕನಿಷ್ಠ ನಾಲ್ಕು ವರ್ಷ ಕಳೆದು ಬಂದಿದೆ. 3 ಕಡೆ ಬೋರ್‌ವೆಲ್ ಮೊದಲು ಬಂದಿದೆ, 2 ಕಡೆ ಎರಡೂ ಒಂದೇ ವರ್ಷ. ಅಂದರೆ 12 ಮನೆಗಳ ಮಟ್ಟಿಗೆ, ಸುರಂಗವನ್ನು ಬಿಡಲು ಅವರ ಸ್ವಂತ ಬೋರ್‌ವೆಲ್ ಕಾರಣವಾಗಿರಲು ಸಾಧ್ಯವಿಲ್ಲ. ನೆರೆಮನೆಯ ಬೋರ್‌ವೆಲ್‌ನಿಂದ ನೀರು ಇಳಿದಿತ್ತೇ ಎಂಬುದನ್ನು ನಾನು ಅಳೆದಿಲ್ಲ, ಆ ಬಗ್ಗೆ ಈ ಪ್ರಬಂಧ ಏನನ್ನೂ ಹೇಳುವುದಿಲ್ಲ.

ಹಾಗಾದರೆ ನಾವು ಕೇಳಬೇಕಾದ ಪ್ರಶ್ನೆ, ಕೆಸರು ತೆಗೆಯುವ ಕೆಲಸ ಯಾರದೂ ಅಲ್ಲದೆ ಹೋದದ್ದು ಯಾವಾಗ, ಯಾಕೆ ಎಂಬುದು. ಸುರಂಗದ ಬಾಯಿ ಒಬ್ಬರಿಗೆ, ಕೆರೆ ಇನ್ನೊಬ್ಬರಿಗೆ ಆಗುವಂತೆ ಜಾಗ ಒಡೆದದ್ದಕ್ಕೂ ಇದಕ್ಕೂ ಸಂಬಂಧ ಇರಬಹುದೆಂದು ನಾಲ್ಕು ಮತ್ತು ಐದನೆಯ ಅಧ್ಯಾಯಗಳು ಸೂಚಿಸುತ್ತವೆ. ಇದೇ ನನ್ನ ವಾದ. ಸುರಂಗ ತೋಡುವವರ ಕುರಿತ ಮೂರನೆಯ ಅಧ್ಯಾಯ, ಈ ಕೆಲಸ ಯಾರು ಮಾಡಬಲ್ಲವರಾಗಿದ್ದರು ಎಂಬುದನ್ನು ತಿಳಿಯಲು ಬೇಕಾದ ಹಿನ್ನೆಲೆ."

ನಿಧಾನಕ್ಕೆ ಓದಿದ್ರೂ ಮೂರು ನಿಮಿಷ ದಾಟುದಿಲ್ಲ. ಕೊನೆಯ ವಾಕ್ಯದ ಬಗ್ಗೆ ಗೈಡಿಗೆ ಬೇಸರ ಇತ್ತು, ಮೂರನೇ ಅಧ್ಯಾಯಕ್ಕೆ ಅವಳು ಹಾಕಿದ ಶ್ರಮ ಬೇರೆ ಯಾವುದಕ್ಕೂ ಹಾಕ್ಲಿಲ್ಲ, ಅದನ್ನು ಒಂದು ವಾಕ್ಯಕ್ಕೆ ಇಳಿಸುದಾ ಅಂತ. ನನಗೆ ಅವರ ಬೇಸರ ಅರ್ಥ ಆಗ್ತದೆ. ಆದ್ರೆ ಓಪನಿಂಗಲ್ಲಿ ಜಾಗ ಕೊಡುದು ಶ್ರಮ ನೋಡಿ ಅಲ್ಲ, ಆ ಅಧ್ಯಾಯ ವಾದಕ್ಕೆ ಎಂತ ಮಾಡ್ತದೆ ಅಂತ ನೋಡಿ. ಎಕ್ಸಾಮಿನರ್ ಮುನ್ನೂರು ಪುಟ ಓದಿ ಬಂದವರು, ಎಷ್ಟು ಕೆಲಸ ಆಗಿದೆ ಅಂತ ಅವರಿಗೆ ಹೇಳ್ಬೇಕಾಗಿಲ್ಲ.

ವೈವಾದಲ್ಲಿ ಕೂತಿದ್ದದ್ದು ಎರಡನೇ ರಿಪೋರ್ಟ್ ಬರೆದವರೇ, ಕರ್ನಾಟಕದ ಕಡೆಯಿಂದ ಬಂದಿದ್ರು. ಹಿಂತೆಗೆದುಕೊಳ್ಳುತ್ತೇನೆ ಅಂತ ಇವಳು ಹೇಳುವಾಗ ಅವರು ತಂದಿದ್ದ ಪಟ್ಟಿಯಲ್ಲಿ ಎಂತದೋ ಗೆರೆ ಹಾಕಿದ್ದು ನಾನು ಬದಿಯಿಂದ ಕಂಡೆ. ಜಲವಿಜ್ಞಾನದ ಪ್ರಶ್ನೆ ಅವರು ಮತ್ತೆ ತೆಗೀಲೇ ಇಲ್ಲ. ಬದ್ಲಿಗೆ ಕೇಳಿದ್ದು ನಾವು ಯಾರೂ ಆಲೋಚನೆ ಮಾಡದ ಕಡೆಯಿಂದ: "ಬಿಟ್ಟ 24ರ ಬಗ್ಗೆ ಹೇಳಿದ್ರಿ ಅಮ್ಮ, ಬಳಕೆಯಲ್ಲಿರುವ 38 ಸುರಂಗದ ಮನೆಗಳಲ್ಲಿ ಜಾಗ ಪಾಲಾಗಿಲ್ಲವೇ? ಅಲ್ಲಿಯೂ ಪಾಲಾಗಿದ್ದು, ಆದರೂ ಕೆಸರು ತೆಗೆಯುತ್ತಿದ್ದಾರೆ ಅಂತಾದರೆ ನಿಮ್ಮ ಸೂಚನೆಗೆ ಏನು ಉಳಿಯಿತು?"

ಭಾರೀ ಪ್ರಶ್ನೆ. ಪಾಲೇ ಕಾರಣ, ಸಾಬೀತಾಗಿದೆ ಅಂತ ಅವಳು ಹೇಳಿದ್ದಿದ್ರೆ ಇಲ್ಲಿ ಎಲ್ಲ ಕುಸೀತಿತ್ತು. "ಸೂಚಿಸುತ್ತದೆ" ಅಂತ ಇದ್ದ ಕಾರಣ ನಿಲ್ಲಲಿಕ್ಕೆ ಜಾಗ ಇತ್ತು. ಅವಳು ಹೇಳಿದ್ಳು, 38ರಲ್ಲಿ ಪಾಲಾದ ಮನೆಗಳು ಉಂಟು ಸರ್, ಕ್ಷೇತ್ರಕಾರ್ಯದ ಪುಸ್ತಕದಲ್ಲಿ ಉಂಟು, ಆದ್ರೆ ಎಲ್ಲ 38ಕ್ಕೂ ಒಂದೇ ಕ್ರಮದಲ್ಲಿ ಕೇಳಿಲ್ಲ, ಹಾಗಾಗಿ ಹೋಲಿಸ್ಲಿಕ್ಕೆ ಆಗುದಿಲ್ಲ. ನಾನು ಕಂಡ ಕೆಲವು ಕಡೆ ಪಾಲುಪಟ್ಟಿಯಲ್ಲೇ ನೀರಿನ ಹಕ್ಕು, ಕೆಸರು ತೆಗೆಯುವ ಖರ್ಚು ಯಾರದು ಅಂತ ಬರೆದಿಟ್ಟಿದ್ರು, ಅದೇ ವ್ಯತ್ಯಾಸವೋ ಅಂತ ನನಗೆ ಸಂಶಯ, ಆದ್ರೆ ಅದು ಸಂಶಯವೇ. ಅವರು ಅದಕ್ಕೆ, ಅದನ್ನು ಬರೆಯಿರಿ ಮತ್ತೆ ಅಂದ್ರು.

ಡಿಗ್ರಿಗೆ ಶಿಫಾರಸು ಆಯ್ತು, ಎರಡು ತಿದ್ದುಪಡಿ ಹೇಳಿದ್ರು. ಮೊದಲ ಅಧ್ಯಾಯದ ಬೋರ್‌ವೆಲ್ ವಾಕ್ಯವನ್ನು "ಎಂದು ಹೇಳಲಾಗುತ್ತದೆ" ಅಂತ ಹಿಂದಿನವರ ಹೆಸರಿನ ಜೊತೆ ಬದಲಾಯಿಸುದು. ಮತ್ತೆ ಐದನೇ ಅಧ್ಯಾಯದಲ್ಲಿ 38 ಸುರಂಗದ ಮನೆಗಳಿಗೆ ಒಂದು ಟೇಬಲ್ ಸೇರಿಸಿ, ಪಾಲಾದದ್ದು ಗೊತ್ತಿರುವ ಕಡೆ ಬರೆದು, ಗೊತ್ತಿಲ್ಲದ ಕಡೆ ಗೊತ್ತಿಲ್ಲ ಅಂತಲೇ ಹಾಕುದು. ಎರಡನೇದಕ್ಕೆ ಅವಳು ಪುನಃ ಆ ಊರುಗಳಿಗೆ ಹೋಗ್ಬೇಕಾಯ್ತು, ಮಳೆ ಬೇರೆ ಶುರುವಾಗಿತ್ತು, ಕೆಲವರ ಪಾಲುಪಟ್ಟಿ ಬೆಂಗಳೂರಲ್ಲಿರುವ ಮಗನ ಹತ್ರ ಉಂಟಂತೆ. ಆ ಮನೆಗಳ ಎದುರು ಗೊತ್ತಿಲ್ಲ ಅಂತಲೇ ಬರೆದು ಕೊಟ್ಳು.